ಜಡ್ಜ್ ರೋಸ್ಟ್ ಮಾಡಿಲ್ಲ ಕಣ್ರೋ, ಪ್ರಶ್ನೆ ಕೇಳಿದ್ರು

1/8

ನಿಮ್ಮ ಫೀಡಲ್ಲೂ ಬಂದಿರುತ್ತೆ. ಜಡ್ಜ್ ಏನೋ ಕೇಳ್ತಾರೆ, ವಕೀಲರು ತಡವರಿಸ್ತಾರೆ, ಹಿಂದೆ ಒಂದು ಡಬ್ ಡಬ್ ಮ್ಯೂಸಿಕ್, ಮೇಲೆ ‘ಲಾಯರ್‌ಗೆ ಬೆವರಿಳಿಸಿದ ಜಡ್ಜ್’ ಅಂತ ಹೆಡ್ಡಿಂಗ್. ಮೂವತ್ತು ಸೆಕೆಂಡಲ್ಲಿ ಮುಗೀತು. ನಾವು ನಕ್ಕು, ಫ್ರೆಂಡ್ಸ್ ಗ್ರೂಪಿಗೆ ಕಳಿಸಿ ಮುಂದಕ್ಕೆ ಹೋಗ್ತೀವಿ. ಹೈಕೋರ್ಟಿನ ಲೈವ್ ಸ್ಟ್ರೀಮಿಂಗ್ ನಿಯಮಗಳ ಪ್ರಕಾರ ಅನುಮತಿ ಇಲ್ಲದೆ ಹಾಗೆ ಕ್ಲಿಪ್ ಕತ್ತರಿಸಿ ಹಾಕೋದೇ ತಪ್ಪು, ಆ ಮಾತು ಬೇರೆ.

ನನ್ನ ಸಿಟ್ಟು ಬೇರೆ ಕಾರಣಕ್ಕೆ. ಈ ರೀಲ್ಸ್ ನೋಡಿ ನೋಡಿ ನಮ್ಮ ತಲೆಗೆ ಎರಡು ವಿಷಯ ಕೂತುಬಿಟ್ಟಿವೆ. ಒಂದು, ಜಡ್ಜ್ ಪ್ರಶ್ನೆ ಕೇಳಿದ್ರೆ ವಕೀಲನ ಮಾನ ಹೋಯ್ತು ಅಂತ. ಎರಡು, ಮಾನ ಉಳಿಸಿಕೊಳ್ಳಬೇಕು ಅಂದ್ರೆ ಗೊತ್ತಿಲ್ಲದಿದ್ರೂ ಧೈರ್ಯವಾಗಿ ಏನಾದ್ರೂ ಹೇಳಿಬಿಡಬೇಕು ಅಂತ. ಎರಡೂ ಸುಳ್ಳು. ಎರಡನೆಯದಂತೂ ಅಪಾಯಕಾರಿ, ಯಾಕಂದ್ರೆ ವಕೀಲ ಬಿಟ್ಟ ಬುರುಡೆಗೆ ಶಿಕ್ಷೆ ಅನುಭವಿಸೋದು ಅವನ ಹಿಂದೆ ಕೈಕಟ್ಟಿ ನಿಂತಿರೋ ಕಕ್ಷಿದಾರ.

ನಾನು ಬಿಕಾಂ, ಲಾ ಸ್ಟೂಡೆಂಟ್ ಅಲ್ಲ. ನಿನಗ್ಯಾಕೆ ಈ ಉಸಾಬರಿ ಅಂತ ಕೇಳಬಹುದು. ಡಿಗ್ರಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿಗೆ ಹೋಗೋ ಆಸೆ ಇದೆ. ಮೂಟ್ ಕೋರ್ಟ್ ಸ್ಪರ್ಧೆ ಎಲ್ಲೇ ನಡೆದ್ರೂ ಹಿಂದಿನ ಬೆಂಚಲ್ಲಿ ಕೂತು ನೋಡ್ತೀನಿ. ಅದೂ ಅಲ್ಲದೆ ಇಲ್ಲಿ ಹೇಳೋ ಕೇಸು ನಮ್ಮ ಬಿಸಿನೆಸ್ ಲಾ ಪೇಪರಿಂದಲೇ ಬಂದಿರೋದು. ಚೆಕ್ ಬೌನ್ಸ್. ಸೆಕ್ಷನ್ 138. ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡಿದ್ದೀರಲ್ಲ, ಅದೇ.

2/8

ಮೊದಲು ಕೇಸು. ಇದು ಮೂಟ್‌ಗೆ ಕೊಡೋ ಥರದ ಕಲ್ಪಿತ ಕೇಸು, ಆದ್ರೆ ಒಳಗೆ ಬರೋ ತೀರ್ಪುಗಳೆಲ್ಲ ನಿಜವಾದವು.

ಒಬ್ಬ ಹೇಳ್ತಾನೆ: ನಾನು ಪರಿಚಯದವನಿಗೆ 4 ಲಕ್ಷ ರೂಪಾಯಿ ಕೈಸಾಲ ಕೊಟ್ಟೆ, ನಗದಾಗಿ. ಅವನು ಚೆಕ್ ಕೊಟ್ಟ, ಬ್ಯಾಂಕಿಗೆ ಹಾಕಿದೆ, ಖಾತೆಯಲ್ಲಿ ಹಣ ಸಾಲದು ಅಂತ ವಾಪಸ್ ಬಂತು. ನೋಟಿಸ್ ಕೊಟ್ಟೆ, 15 ದಿನ ಕಾದೆ, ಅವನು ದುಡ್ಡು ಕಟ್ಟಲಿಲ್ಲ, ಕೇಸು ಹಾಕಿದೆ.

ಚೆಕ್ ಕೊಟ್ಟವನ ಕತೆ ಬೇರೆ. ಸಹಿ ನಂದೇ, ಒಪ್ತೀನಿ. ಆದ್ರೆ ಹಿಂದೆ 30 ಸಾವಿರ ಸಾಲ ತಗೊಂಡಾಗ ಭದ್ರತೆಗೆ ಅಂತ ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟಿದ್ದೆ. ಆ ಸಾಲ ತೀರಿಸಿದೆ, ಚೆಕ್ ವಾಪಸ್ ಕೊಡಲಿಲ್ಲ. ಈಗ ಅದರಲ್ಲಿ 4 ಲಕ್ಷ ಬರ್ಕೊಂಡು ಬಂದಿದ್ದಾನೆ.

ಪಾಟೀ ಸವಾಲಿನಲ್ಲಿ ಸಾಲ ಕೊಟ್ಟವನು ಮೂರು ಮಾತು ಒಪ್ಪಿಕೊಂಡಿದ್ದಾನೆ: ತನ್ನ ಸಂಬಳ ತಿಂಗಳಿಗೆ 18 ಸಾವಿರ, 4 ಲಕ್ಷ ಯಾವ ಖಾತೆಯಿಂದ ತೆಗೆದೆ ಅನ್ನೋದಕ್ಕೆ ದಾಖಲೆ ಇಲ್ಲ, ಕೊಟ್ಟ ತಾರೀಕು ನೆನಪಿಲ್ಲ. ಆದ್ರೂ ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿದೆ. ಈಗ ಸೆಷನ್ಸ್ ಕೋರ್ಟಿಗೆ ಅಪೀಲು. ಚೆಕ್ ಕೊಟ್ಟವನ ಪರ ವಕೀಲರು ನೀವು.

ಒಂದು ಕಾನೂನು ಗೊತ್ತಿರಬೇಕು: ಸೆಕ್ಷನ್ 139. ಚೆಕ್ ಯಾರ ಕೈಲಿದೆಯೋ ಅವರಿಗೆ ಅದು ಸಾಲ ಅಥವಾ ಬಾಕಿ ತೀರಿಸೋಕೆ ಅಂತಲೇ ಬಂದಿದೆ ಅಂತ ಕೋರ್ಟು ಮೊದಲೇ ಅಂದುಕೊಳ್ಳಬೇಕು, ಬೇರೆ ಥರ ಅಂತ ಸಾಬೀತಾಗೋವರೆಗೂ. ಇದನ್ನ ಕಾನೂನಿನ ಪೂರ್ವಭಾವನೆ ಅಂತಾರೆ. ಇಲ್ಲಿ ಸುಮ್ಮನೆ ‘ಊಹೆ’ ಅಂತ ಕರೆಯೋಣ.

3/8

ನೀವು ಎದ್ದು ನಿಂತು ಶುರು ಮಾಡಿದ್ರಿ: “ಸರ್, ಫಿರ್ಯಾದಿ ಸಾಲ ಕೊಟ್ಟಿದ್ದನ್ನೇ ರುಜುವಾತು ಮಾಡಿಲ್ಲ.” ಎರಡನೇ ವಾಕ್ಯಕ್ಕೆ ಹೋಗೋಷ್ಟರಲ್ಲಿ ಪ್ರಶ್ನೆ ಬಂತು.

“ಅವರು ಯಾಕ್ರೀ ರುಜುವಾತು ಮಾಡಬೇಕು? ಸಹಿ ಒಪ್ಪಿದ್ದೀರಿ. 139ರಲ್ಲಿ ಊಹೆ ಇದೆಯಲ್ಲ?”

ರೀಲ್ ಮಾಡೋವ್ರು ಇಲ್ಲಿಗೆ ಕಟ್ ಮಾಡಿ ಮ್ಯೂಸಿಕ್ ಹಾಕ್ತಾರೆ. ಆದ್ರೆ ಆ ಪ್ರಶ್ನೆಯನ್ನ ಇನ್ನೊಂದ್ಸಲ ಓದಿ. ಜಡ್ಜ್ ಬೈತಾ ಇಲ್ಲ. ಅವರು ಸಂಜೆ ಕೂತು ತೀರ್ಪು ಬರೀಬೇಕು. ನಿಮ್ಮ ಪರ ಬರೀಬೇಕು ಅಂದ್ರೂ 139 ಅನ್ನೋ ಕಲ್ಲು ದಾರಿಗೆ ಅಡ್ಡ ಇದೆ, ಅದನ್ನ ದಾಟದೆ ಬರೆದ್ರೆ ಮೇಲಿನ ಕೋರ್ಟಲ್ಲಿ ತೀರ್ಪು ಬಿದ್ದುಹೋಗುತ್ತೆ. ‘ನನಗೆ ಇಲ್ಲಿ ಅಡ್ಡ ಬರ್ತಿದೆ, ದಾಟಿಸಿ’ ಅಂತ ಕೇಳ್ತಿದ್ದಾರೆ. ದನಿ ಗಡುಸಾಗಿರಬಹುದು. ಬೆಳಗ್ಗೆಯಿಂದ ಅರವತ್ತು ಎಪ್ಪತ್ತು ಕೇಸು ಕೇಳಿದವರ ದನಿ ಜೇನಿನ ಥರ ಇರಲ್ಲ.

ಭಯದಲ್ಲಿ ನಿಂತವರಿಗೆ ಎಲ್ಲ ಪ್ರಶ್ನೆನೂ ಏಟಿನ ಥರ ಕೇಳಿಸುತ್ತೆ, ನಿಜಕ್ಕೂ ಸಹಾಯ ಮಾಡೋ ಪ್ರಶ್ನೆ ಕೂಡ. ಒಂದು ಮೂಟ್‌ನಲ್ಲಿ ನೋಡಿದೆ. ಬೆಂಚ್ ಮೇಲಿದ್ದವರು “ಹಾಗಾದ್ರೆ ಅವರ ಆದಾಯದ ಬಗ್ಗೆ ಪಾಟೀ ಸವಾಲಲ್ಲಿ ಏನು ಬಂದಿದೆ?” ಅಂತ ಕೇಳಿದ್ರು. ಆ ತಂಡ ಗೆಲ್ಲೋ ಅಂಶನೇ ಅದು, ತಟ್ಟೇಲಿಟ್ಟು ಕೊಟ್ಟ ಹಾಗೆ ಕೊಟ್ಟಿದ್ರು. ಹುಡುಗ ಗಾಬರಿಯಾಗಿ “ಅದು ನಮ್ಮ ವಾದಕ್ಕೆ ಸಂಬಂಧ ಇಲ್ಲ ಸರ್” ಅಂದುಬಿಟ್ಟ. ನಾನು ಹಿಂದೆ ಕೂತು ತಲೆ ಚಚ್ಚಿಕೊಂಡೆ.

4/8

ಈಗ ತಪ್ಪು ಉತ್ತರ. ನೀವು ಓದಿದ್ದು ನೆನಪಾಯ್ತು, ಖುಷಿಯಾಗಿ ಹೇಳಿದ್ರಿ:

“ಇಲ್ಲ ಸರ್. 139ರಲ್ಲಿ ಸಾಲ ಇತ್ತು ಅನ್ನೋ ಊಹೆ ಇಲ್ಲ. ಸಾಲವನ್ನ ಫಿರ್ಯಾದಿಯೇ ರುಜುವಾತು ಮಾಡಬೇಕು. ಕೃಷ್ಣ ಜನಾರ್ದನ ಭಟ್ ಕೇಸು, ಸುಪ್ರೀಂ ಕೋರ್ಟ್, 2008.”

ಇದು ಸುಳ್ಳು ತೀರ್ಪಲ್ಲ. ಇಬ್ಬರು ನ್ಯಾಯಮೂರ್ತಿಗಳ ಪೀಠ 2008ರಲ್ಲಿ ಹಾಗೇ ಹೇಳಿತ್ತು. ಆದ್ರೆ 2010ರಲ್ಲಿ ರಂಗಪ್ಪ ಕೇಸಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಸಾಲ ಇತ್ತು ಅನ್ನೋದೂ ಆ ಊಹೆಯೊಳಗೇ ಬರುತ್ತೆ, 2008ರ ಆ ಮಾತು ಸರಿಯಲ್ಲ ಅಂತ ಹೇಳಿತು. ಎರಡೂ ನಮ್ಮ ಕರ್ನಾಟಕದಿಂದ ಹೋದ ಕೇಸುಗಳು. ರಂಗಪ್ಪ ಕೇಸಿನ ಚೆಕ್ 45 ಸಾವಿರದ್ದು. ಸಹಿ ಮಾಡಿದ ಖಾಲಿ ಚೆಕ್ ಕಳೆದುಹೋಗಿತ್ತು ಅನ್ನೋದು ಅವರ ವಾದ, ಅದನ್ನ ಕೋರ್ಟು ನಂಬಲಿಲ್ಲ.

ಜಡ್ಜ್ ಕೇಳಿದ್ರು: “ಆ ತೀರ್ಪು ಈಗಲೂ ಹಾಗೇ ನಿಂತಿದೆಯೇನ್ರೀ?”

ಈ ವಾಕ್ಯದ ಮೇಲೆ ಒಂದು ನಿಮಿಷ ನಿಲ್ಲಿ. ಉತ್ತರ ತಪ್ಪಾಗಿದೆ ಅಂತ ಗೊತ್ತಾಗೋದು ಹೀಗೇ. ನಿಮ್ಮ ಉತ್ತರ ಮುಗಿದ ಮೇಲೆ ಅದೇ ಪ್ರಶ್ನೆ ಬೇರೆ ಮಾತಲ್ಲಿ ತಿರುಗಿ ಬರುತ್ತೆ. ಇಲ್ಲಾ ಜಡ್ಜ್ ನೀವು ಹೇಳಿದ ಪುಟ ಬಿಟ್ಟು ಬೇರೆ ಪುಟ ಹುಡುಕೋಕೆ ಶುರು ಮಾಡ್ತಾರೆ. ಇಲ್ಲಾ ಎದುರು ಪಕ್ಷದ ವಕೀಲರು ಬರೆಯೋದು ನಿಲ್ಲಿಸಿ ತಲೆ ಎತ್ತಿ ನೋಡ್ತಾರೆ. ‘ನಿಂತಿದೆಯೇನ್ರೀ’ ಅಂತ ಕೇಳಿದ್ರೆ ಹತ್ತರಲ್ಲಿ ಒಂಬತ್ತು ಸಲ ನಿಂತಿಲ್ಲ ಅಂತಲೇ ಅರ್ಥ. ಅವರು ಬಾಗಿಲು ತೆರೆದಿಟ್ಟಿದ್ದಾರೆ, ನಿಮಗೆ ಹೊರಗೆ ಬರೋಕೆ.

5/8

ಇಲ್ಲಿ ನಮ್ಮ ‘ಕಾನ್ಫಿಡೆನ್ಸ್’ ಗುರುಗಳು ಏನು ಹೇಳಿಕೊಡ್ತಾರೆ ಗೊತ್ತಾ? ಕಣ್ಣಲ್ಲಿ ಕಣ್ಣಿಟ್ಟು “ಹೌದು ಸರ್, ನಿಂತಿದೆ” ಅನ್ನು. ಇಲ್ಲಾ “ಆ ವಿಚಾರಕ್ಕೆ ಆಮೇಲೆ ಬರ್ತೀನಿ ಸರ್” ಅಂತ ಜಾರಿಕೋ. ನನಗೆ ಗೊತ್ತಿರೋ ಸೀನಿಯರ್ ಒಬ್ಬರು ಇದನ್ನ ನೋಟ್ಸ್ ಮಾಡಿ ಜೂನಿಯರ್ಸ್‌ಗೆ ಹಂಚಿದ್ದಾರೆ ಕಣ್ರೋ!

ಹಾಗೆ ಮಾಡಿದ್ರೆ ಏನಾಗುತ್ತೆ ನೋಡಿ. ಜಡ್ಜ್ “ರಂಗಪ್ಪ ಓದಿದ್ದೀರಾ?” ಅಂತಾರೆ. ಅಷ್ಟೇ. ಆ ಒಂದು ಕಾನೂನಿನ ಅಂಶ ಹೋದ್ರೆ ಹೋಗಲಿ, ಅದು ಹೇಗೂ ನಿಮ್ಮದಾಗಿರಲಿಲ್ಲ. ನಷ್ಟ ಇರೋದು ಮುಂದೆ. ಇನ್ನು ನೀವು “ಪಾಟೀ ಸವಾಲಲ್ಲಿ 18 ಸಾವಿರ ಸಂಬಳ ಅಂತ ಒಪ್ಪಿದ್ದಾನೆ” ಅಂದಾಗ ಜಡ್ಜ್ ನಿಮ್ಮ ಮಾತು ನಂಬಲ್ಲ, ಪುಟ ತೆಗೆದು ತಾವೇ ಓದ್ತಾರೆ, ಹಿಂದಿನ ಸಾಲು ಮುಂದಿನ ಸಾಲು ಅನುಮಾನದಿಂದ ನೋಡ್ತಾರೆ. ನಿಮ್ಮ ನಿಜವಾದ ಮಾತಿಗೂ ಬೆಲೆ ಇಳಿದುಹೋಯ್ತು.

ಸರಿಯಾದ ದಾರಿ ಇಪ್ಪತ್ತು ಮೂವತ್ತು ಸೆಕೆಂಡಿನದು. ಹೀಗೆ:

“ಇಲ್ಲ ಸರ್, ಆ ಅಂಶದಲ್ಲಿ ನಿಂತಿಲ್ಲ. 2010ರ ರಂಗಪ್ಪ ತೀರ್ಪಿನ ಪ್ರಕಾರ ಸಾಲ ಇತ್ತು ಅನ್ನೋದೂ ಊಹೆಯಲ್ಲಿ ಸೇರುತ್ತೆ. ನನ್ನ ಉತ್ತರ ಹಿಂದಕ್ಕೆ ತಗೊಳ್ತೀನಿ. ಊಹೆ ನಮ್ಮ ವಿರುದ್ಧ ಇದೆ ಅಂತಲೇ ಇಟ್ಟುಕೊಂಡು ವಾದ ಮಾಡ್ತೀನಿ: ಅದು ಈ ಕೇಸಲ್ಲಿ ಮುರಿದಿದೆ. ಫಿರ್ಯಾದಿಯ ಪಾಟೀ ಸವಾಲು, ಎರಡನೇ ಪುಟ ನೋಡಬೇಕು.”

ಇದರಲ್ಲಿ ಏನಿದೆ ನೋಡಿ. ಮೊದಲ ಪದವೇ ಉತ್ತರ: ‘ಇಲ್ಲ’. ಸುತ್ತಿ ಬಳಸಿ ಆಮೇಲೆ ‘ಇಲ್ಲ’ ಅಂದಿಲ್ಲ. ಆಮೇಲೆ ಸರಿಯಾದ ಕಾನೂನು ಯಾವುದು ಅಂತ ನೀವೇ ಹೇಳಿದ್ರಿ, ಜಡ್ಜ್ ಬಾಯಿಂದ ಹೇಳಿಸಲಿಲ್ಲ. ಆಮೇಲೆ ‘ಹಿಂದಕ್ಕೆ ತಗೊಳ್ತೀನಿ’ ಅನ್ನೋ ಸ್ಪಷ್ಟ ಮಾತು. ಕೊನೆಗೆ, ಇದು ಬಹಳ ಮುಖ್ಯ, ಕಾಲಿಡೋಕೆ ಬೇರೆ ನೆಲ ತೋರಿಸಿದ್ರಿ, ಪುಟದ ಸಮೇತ. ‘ಸಾರಿ ಸರ್ ಸಾರಿ ಸರ್’ ಅಂತ ಐದು ಸಲ ಹೇಳೋದು ಬೇಡ. ಜಡ್ಜ್‌ಗೆ ನಿಮ್ಮ ಪಶ್ಚಾತ್ತಾಪದಿಂದ ಏನೂ ಉಪಯೋಗ ಇಲ್ಲ, ಸರಿಯಾದ ತೀರ್ಪಿನ ಹೆಸರಿಂದ ಇದೆ.

6/8

ಆ ಬೇರೆ ನೆಲ ಎಲ್ಲಿಂದ ಬಂತು? ನನಗೆ ತುಂಬ ಇಷ್ಟವಾದ ಭಾಗ ಇದು. ನಿಮ್ಮನ್ನ ಬೀಳಿಸಿದ ರಂಗಪ್ಪ ತೀರ್ಪಿನೊಳಗೇ ಅದು ಇದೆ!

ಅದೇ ತೀರ್ಪು ಇನ್ನೂ ಒಂದು ಮಾತು ಹೇಳುತ್ತೆ: ಊಹೆಯನ್ನ ಮುರಿಯೋಕೆ ಆರೋಪಿ ಸಂಶಯಾತೀತವಾಗಿ ಏನನ್ನೂ ರುಜುವಾತು ಮಾಡಬೇಕಿಲ್ಲ. ‘ಹೀಗಿರೋ ಸಾಧ್ಯತೆನೇ ಹೆಚ್ಚು’ ಅನ್ನಿಸೋಷ್ಟು ತೋರಿಸಿದ್ರೆ ಸಾಕು. ಅದಕ್ಕೆ ತನ್ನದೇ ಸಾಕ್ಷಿ ಕರೆಸಲೇಬೇಕು ಅಂತನೂ ಇಲ್ಲ, ಫಿರ್ಯಾದಿ ತಂದ ಸಾಕ್ಷ್ಯದಿಂದಲೇ ತೋರಿಸಬಹುದು. ನಮ್ಮ ಕೇಸಲ್ಲಿ ಆ ಮೂರು ಒಪ್ಪಿಗೆ ಮಾತುಗಳು ಇರೋದೇ ಅದಕ್ಕೆ.

ಜೊತೆಗೆ 2019ರ ಬಸಲಿಂಗಪ್ಪ ಕೇಸು, ಅದೂ ಕರ್ನಾಟಕದ್ದೇ. 6 ಲಕ್ಷ ಸಾಲ ಕೊಟ್ಟೆ ಅಂದವರಿಗೆ ಅಷ್ಟು ಕೊಡೋ ಆರ್ಥಿಕ ಶಕ್ತಿ ಇತ್ತಾ ಅನ್ನೋ ಪ್ರಶ್ನೆ ಎದ್ದಿತ್ತು, ಅದನ್ನ ಅವರು ತೋರಿಸಲಿಲ್ಲ. ಸುಪ್ರೀಂ ಕೋರ್ಟ್ ಆರೋಪಿಯನ್ನ ಬಿಡುಗಡೆ ಮಾಡಿದ ಕೆಳಗಿನ ಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ತಿಂಗಳಿಗೆ 18 ಸಾವಿರ ಸಂಬಳದವನ 4 ಲಕ್ಷಕ್ಕೆ ಇದಕ್ಕಿಂತ ಹತ್ತಿರದ ತೀರ್ಪು ಬೇಕಾ?

ಅಂದ್ರೆ 2008ರ ತೀರ್ಪನ್ನ ಬಿಟ್ಟಿದ್ದಕ್ಕೆ ನಿಮಗೆ ಏನೂ ನಷ್ಟ ಆಗಲಿಲ್ಲ. ಬಿಗಿಯಾಗಿ ಹಿಡ್ಕೊಂಡು ಕೂತಿದ್ರೆ ಇಲ್ಲಿಗೆ ಬರೋಕೆ ಟೈಮೇ ಸಿಗ್ತಿರಲಿಲ್ಲ.

ಆದ್ರೆ ಇನ್ನೊಂದು ಕಡೆಯ ಹಳ್ಳನೂ ಹೇಳಬೇಕು. ಕೆಲವರು ತಪ್ಪು ಗೊತ್ತಾದ ಕೂಡಲೇ ಗಾಬರಿಯಲ್ಲಿ ಎಲ್ಲಾ ಬಿಟ್ಟುಕೊಡ್ತಾರೆ. “ಹೌದು ಸರ್, ರಂಗಪ್ಪ ಇದೆ, ಸಾಲ ಇತ್ತು ಸರ್” ಅಂದುಬಿಡ್ತಾರೆ. ಅಯ್ಯೋ! ‘ಸಾಲ ಇತ್ತು ಅಂತ ಕಾನೂನು ಊಹಿಸುತ್ತೆ’ ಅನ್ನೋದು ಕಾನೂನಿನ ಮಾತು. ‘ಸಾಲ ಇತ್ತು’ ಅನ್ನೋದು ಸಂಗತಿಯ ಮಾತು. ಕಾನೂನಿನ ಬಗ್ಗೆ ವಕೀಲರು ತಪ್ಪಾಗಿ ಒಪ್ಪಿದ್ರೆ ಅದು ಕಕ್ಷಿದಾರನನ್ನ ಕಟ್ಟಿಹಾಕಲ್ಲ, ಮುಂದೆ ಸರಿಮಾಡಬಹುದು. ಸಂಗತಿಯನ್ನ ಒಪ್ಪಿದ್ರೆ ಅದು ಆರ್ಡರ್ ಶೀಟಲ್ಲಿ ಕೂತುಬಿಡುತ್ತೆ, ಕೀಳೋದು ಬಹಳ ಕಷ್ಟ. ಕಕ್ಷಿದಾರನನ್ನ ಕೇಳದೆ ಹಾಗೆ ಒಪ್ಪೋ ಹಕ್ಕೂ ನಿಮಗಿಲ್ಲ. ಹಾಗಾಗಿ ಹಿಂದಕ್ಕೆ ತಗೊಳ್ಳೋ ಮೊದಲು ಒಂದು ಉಸಿರು ಎಳ್ಕೊಳ್ಳಿ, ಎಷ್ಟನ್ನ ಬಿಡ್ತಿದ್ದೀನಿ ಅಂತ ಅಳೆದು ಬಿಡಿ. ಜಡ್ಜ್ ಮುಂದೆ ಮೂರು ಸೆಕೆಂಡ್ ಸುಮ್ಮನಿದ್ರೆ ನಿಮಗೆ ಮೂರು ನಿಮಿಷದ ಥರ ಅನ್ನಿಸುತ್ತೆ, ಅವರಿಗೆ ಗೊತ್ತೂ ಆಗಲ್ಲ.

7/8

ಈಗ ಜಗಳದ ಜಾಗ. ಇದನ್ನ ಹೇಳಿದಾಗಲೆಲ್ಲ ನನಗೆ ಬರೋ ಉತ್ತರ: “ಜಡ್ಜ್ ಗಮನಿಸಲೇ ಇಲ್ಲ ಅಂದ್ರೆ? ರಂಗಪ್ಪ ಹೆಸರು ಯಾರೂ ಎತ್ತಲಿಲ್ಲ ಅಂದ್ರೆ? ನಾನ್ಯಾಕೆ ಹೇಳ್ಲಿ? ಎದುರು ಪಕ್ಷದ ಕೆಲಸ ನಾನ್ಯಾಕೆ ಮಾಡ್ಲಿ? ನನಗೆ ಫೀಸ್ ಕೊಟ್ಟಿರೋದು ಯಾರು?”

ವಾದಕ್ಕೆ ತೂಕ ಇದೆ, ಸುಮ್ಮನೆ ತಳ್ಳಿಹಾಕಲ್ಲ. ನಿಮ್ಮ ಕಕ್ಷಿದಾರನಿಗೆ ತೊಂದರೆ ಕೊಡೋ ಸಂಗತಿಗಳನ್ನೆಲ್ಲ ಕೋರ್ಟಲ್ಲಿ ನೀವೇ ಬಿಚ್ಚಿಡಬೇಕಾಗಿಲ್ಲ. ಅದನ್ನ ಹೊರತೆಗೆಯೋದು ಎದುರಿನವರ ಕೆಲಸ. ಆದ್ರೆ ಇಲ್ಲಿ ಆಗಿರೋದು ಅದಲ್ಲ. ಇಲ್ಲಿ ನೀವೇ ಬಾಯಿಬಿಟ್ಟು ಒಂದು ಕಾನೂನು ಹೇಳಿದ್ದೀರಿ, ಅದು ತಪ್ಪು ಅಂತ ಈಗ ನಿಮಗೆ ಗೊತ್ತು. ಸುಮ್ಮನಿದ್ದದ್ದು ಬೇರೆ, ಹೇಳಿದ ತಪ್ಪನ್ನ ಹಾಗೇ ಬಿಟ್ಟಿದ್ದು ಬೇರೆ. ವಕೀಲರು ಕೋರ್ಟಿಗೂ ಋಣಿ. ಬಾರ್ ಕೌನ್ಸಿಲ್ ನಿಯಮಗಳಲ್ಲಿ ಕೋರ್ಟಿನ ಕಡೆಗಿನ ಕರ್ತವ್ಯ, ಕಕ್ಷಿದಾರನ ಕಡೆಗಿನ ಕರ್ತವ್ಯ ಅಂತ ಎರಡೂ ಬೇರೆ ಬೇರೆಯಾಗಿ ಬರೆದಿದೆ.

ನೀತಿ ಪಾಠ ಇಷ್ಟ ಇಲ್ಲದವರಿಗೆ ವ್ಯಾಪಾರದ ಲೆಕ್ಕದಲ್ಲೇ ಹೇಳ್ತೀನಿ, ನಾವು ಕಾಮರ್ಸ್‌ನವರಲ್ವಾ. ಹಳೇ ತೀರ್ಪಿನ ಮೇಲೆ ಇವತ್ತು ನೀವು ಗೆದ್ರಿ ಅನ್ನೋಣ. ಫಿರ್ಯಾದಿ ಮೇಲಿನ ಕೋರ್ಟಿಗೆ ಹೋಗ್ತಾನೆ. ಅಲ್ಲಿ ಮೊದಲ ನಿಮಿಷಕ್ಕೇ ರಂಗಪ್ಪ ಬರುತ್ತೆ. ಗೆಲುವು ಹೋಯ್ತು. ಅದರ ಬದಲು ಊಹೆ ಮುರಿದಿದೆ ಅನ್ನೋ ಗಟ್ಟಿ ನೆಲದ ಮೇಲೆ ತೀರ್ಪು ಬರೆಸಿಕೊಂಡಿದ್ರೆ ಅದು ಉಳಿಯೋ ಸಾಧ್ಯತೆ ಎಷ್ಟೋ ಹೆಚ್ಚು.

ಬೆಂಚ್ ಮೇಲೆ ಕೂತವರಿಗೂ ಒಂದು ಮಾತು. ಒಂದು ಸ್ಪರ್ಧೆಯಲ್ಲಿ ತಪ್ಪು ಒಪ್ಪಿ ಸರಿಮಾಡಿಕೊಂಡ ಹುಡುಗಿಗೆ ‘ಕಾನ್ಫಿಡೆನ್ಸ್ ಕಡಿಮೆ’ ಅಂತ ಅಂಕ ಕಳೆದ್ರು. ಇಲ್ಲದ ಪುಟದ ನಂಬರ್ ಗಟ್ಟಿಯಾಗಿ ಹೇಳಿದವನಿಗೆ ಬೆಸ್ಟ್ ಸ್ಪೀಕರ್ ಕೊಟ್ರು. ಆ ಪುಟವನ್ನ ಬೆಂಚ್ ತೆರೆದು ನೋಡಲೇ ಇಲ್ಲ. ದಯವಿಟ್ಟು ಪುಟ ತೆರೆದು ನೋಡಿ ಸರ್, ಮೇಡಂ. ನೀವು ಅಂಕ ಕೊಟ್ಟಿದ್ದನ್ನೇ ನಾವು ಕಲೀತೀವಿ.

8/8

ತಪ್ಪು ತಡವಾಗಿ ಗೊತ್ತಾದ್ರೆ? ಎಷ್ಟೋ ಸಲ ಹಾಗೇ ಆಗೋದು. ವಾದ ಮುಗಿಸಿ ಕೂತ ಮೇಲೆ ಪಕ್ಕದಲ್ಲಿರೋ ಜೊತೆಗಾರ ಚೀಟಿ ತಳ್ತಾನೆ: ‘ರಂಗಪ್ಪ 2010!!’

ನೀವಿನ್ನೂ ಮಾತಾಡ್ತಿದ್ರೆ ಈಗಿನ ವಾಕ್ಯ ಮುಗಿಸಿ, ಮುಂದಿನ ಅಂಶಕ್ಕೆ ಹೋಗೋ ಮೊದಲು ಸರಿಮಾಡಿ. ಮಧ್ಯದಲ್ಲೇ ಕತ್ತರಿಸಿದ್ರೆ ಯಾವ ಉತ್ತರ ಹಿಂದಕ್ಕೆ ಹೋಯ್ತು ಅಂತ ಜಡ್ಜ್‌ಗೆ ಗೊಂದಲ ಆಗುತ್ತೆ. ಕೂತುಬಿಟ್ಟಿದ್ರೆ, ಎದುರಿನವರ ವಾದ ಆದಮೇಲೆ ಪ್ರತ್ಯುತ್ತರಕ್ಕೆ ಎದ್ದಾಗ ಮೊದಲ ವಾಕ್ಯ ಅದೇ ಆಗಿರಲಿ. ಕೊನೆಗೆ ಇಟ್ಕೊಳ್ಳೋದು ಬೇಡ, ಟೈಮ್ ಮುಗಿದ್ರೆ ಬಚ್ಚಿಟ್ಟ ಹಾಗಾಗುತ್ತೆ. ತೀರ್ಪಿಗೆ ಕಾದಿರಿಸಿಬಿಟ್ಟಿದ್ರೆ ಅರ್ಧ ಪುಟದ ಒಂದು ಮೆಮೊ: ಇಂಥ ದಿನ ಇಂಥ ಪ್ರಶ್ನೆಗೆ ಹೀಗೆ ಹೇಳಿದ್ದೆ, ಸರಿಯಾದ ತೀರ್ಪು ಇದು. ಎದುರು ವಕೀಲರಿಗೂ ಒಂದು ಪ್ರತಿ ಕೊಡಬೇಕು, ಅವರಿಗೆ ಗೊತ್ತಿಲ್ಲದ ಹಾಗೆ ಜಡ್ಜ್‌ಗೆ ಏನೂ ತಲುಪಿಸಬಾರದು. ಆ ನೆಪದಲ್ಲಿ ಹೊಸ ವಾದ ತುರುಕೋದೂ ಬೇಡ.

ಗೊತ್ತೇ ಇಲ್ಲದ ಪ್ರಶ್ನೆ ಬಂದ್ರೆ “ಆ ತೀರ್ಪು ನಾನು ನೋಡಿಲ್ಲ ಸರ್, ಮಧ್ಯಾಹ್ನ ನೋಡಿ ತಿಳಿಸ್ತೀನಿ” ಅನ್ನಿ, ಮಧ್ಯಾಹ್ನ ನಿಜಕ್ಕೂ ತಿಳಿಸಿ. ಮೂಟ್‌ನಲ್ಲಿ ಮಧ್ಯಾಹ್ನ ಇರಲ್ಲ, ಅಲ್ಲಿ “ತೀರ್ಪು ನೋಡಿಲ್ಲ, ಆದ್ರೆ ಸೆಕ್ಷನ್ನಿನ ಪದಗಳನ್ನ ಓದಿದ್ರೆ ನನಗೆ ಹೀಗೆ ಕಾಣುತ್ತೆ” ಅಂತ ಸೆಕ್ಷನ್ ಓದಿ.

ಇಷ್ಟೆಲ್ಲ ಆಗದ ಹಾಗೆ ನೋಡ್ಕೊಳ್ಳೋಕೆ ಒಂದೇ ಕೆಲಸ ಇದೆ, ಬೋರಿಂಗ್ ಕೆಲಸ. ನೀವು ಹೇಳಬೇಕು ಅಂತಿರೋ ಪ್ರತಿ ತೀರ್ಪಿಗೂ ಮುಂದೆ ಯಾರು ಏನು ಹೇಳಿದ್ದಾರೆ ಅಂತ ಹುಡುಕಿ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಿ: ಎಷ್ಟು ಜನರ ಪೀಠ, ಯಾವ ವರ್ಷ, ಆಮೇಲೆ ಬಂದ ದೊಡ್ಡ ಪೀಠ ಏನಾದ್ರೂ ಮುಟ್ಟಿದೆಯಾ. ನಮ್ಮ ಕೇಸಲ್ಲಿ ‘2 ಜನ, 2008, 3 ಜನ, 2010’ ಅಂತ ಒಂದು ಸಾಲು ಬರೆದಿದ್ರೆ ಆ ತಪ್ಪು ಉತ್ತರ ಬಾಯಿಗೇ ಬರ್ತಿರಲಿಲ್ಲ.

ಈಗ ನಿಮ್ಮ ಸರದಿ. ಅದೇ ಕೇಸು, ಆದ್ರೆ ಈ ಸಲ ನೀವು ಸಾಲ ಕೊಟ್ಟವನ ಪರ. ನೋಟಿಸ್ ಕಳಿಸಿದ ಲಕೋಟೆ ‘ಮನೆ ಬೀಗ’ ಅಂತ ಷರಾ ಬರೆದು ವಾಪಸ್ ಬಂದಿದೆ. ಬೆಂಚ್ ಕೇಳುತ್ತೆ: “ನೋಟಿಸ್ ತಲುಪೇ ಇಲ್ಲ, 15 ದಿನ ಎಲ್ಲಿಂದ ಎಣಿಸ್ತೀರಿ?” ಕಾಮೆಂಟಲ್ಲಿ ಉತ್ತರ ಹಾಕಿ. ಮೊದಲ ವಾಕ್ಯದಲ್ಲೇ ಉತ್ತರ ಇರಬೇಕು. ತಪ್ಪಾದ್ರೆ ಡಿಲೀಟ್ ಮಾಡೋ ಹಾಗಿಲ್ಲ, ಕೆಳಗೆ ಇನ್ನೊಂದು ಕಾಮೆಂಟ್ ಹಾಕಿ ಸರಿಮಾಡಿ.